ಇಂಗ್ಲಿಷ್ ಯಾರ ಪಕ್ಷ?

ಗೇಲಿಕ್, ಇಂಗ್ಲಿಷ್, ಇತಿಹಾಸ, ಅಂಕಗಣಿತ, ಬೀಜಗಣಿತ, ರೇಖಾಗಣಿತ: ಈ ಆರು ವಿಷಯಗಳಲ್ಲಿ 220 ಹುಡುಗರ ಅಂಕಗಳು ಹೇಗೆ ಒಟ್ಟಿಗೆ ಏರಿಳಿದಿದ್ದವು ಎಂಬುದರ ಕೋಷ್ಟಕವೊಂದು ಲಾಲಿ ಮತ್ತು ಮ್ಯಾಕ್ಸ್‌ವೆಲ್ ಎಂಬ ಸಂಖ್ಯಾಶಾಸ್ತ್ರಜ್ಞರ 1971ರ ಪುಸ್ತಕದಲ್ಲಿದೆ. ಇಂಥದ್ದಕ್ಕೆ ಸಹಸಂಬಂಧ ಕೋಷ್ಟಕ ಎಂದು ಹೆಸರು.

ಆರು ಸಾಲು, ಆರು ಕಂಬಸಾಲು ಸೇರಿ 36 ಮನೆಗಳು. ನೋಡಿದರೆ ದಿಗಿಲಾಗುತ್ತದೆ, ಆದರೆ ಓದಬೇಕಾದದ್ದು ಅರ್ಧಕ್ಕಿಂತ ಕಡಿಮೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಳಿಯುವ ಆರು ಮನೆಗಳಲ್ಲಿ ವಿಷಯ ತನಗೆ ತಾನೇ ಜೋಡಿ, ಹಾಗಾಗಿ ಅಲ್ಲೆಲ್ಲ 1. ಅದರ ಮೇಲಿನ ಭಾಗ ಕೆಳಗಿನದರ ಪ್ರತಿಬಿಂಬ. ಉಳಿಯುವುದು 15 ಸಂಖ್ಯೆಗಳು. 1ಕ್ಕೆ ಹತ್ತಿರವಾದಷ್ಟೂ ಆ ಎರಡು ವಿಷಯಗಳು ಒಟ್ಟಿಗೆ ಏರಿಳಿಯುತ್ತವೆ. 0 ಎಂದರೆ ನೇರ ನಂಟಿಲ್ಲ. ಋಣ ಸಂಖ್ಯೆಯಾದರೆ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ. ಈ ಕೋಷ್ಟಕದಲ್ಲಿ ಋಣ ಸಂಖ್ಯೆ ಒಂದೂ ಇಲ್ಲ.

ಮೊದಲು ಕಣ್ಣಿಗೆ ಬೀಳುವುದು ಗಣಿತದ ಗುಂಪು. ಅಂಕಗಣಿತ–ಬೀಜಗಣಿತ 0.595, ಇಡೀ ಕೋಷ್ಟಕದಲ್ಲೇ ದೊಡ್ಡದು. ರೇಖಾಗಣಿತ ಇವೆರಡರ ಜೊತೆಗೂ 0.47ರ ಆಸುಪಾಸಿನಲ್ಲಿದೆ. ಇನ್ನೊಂದು ಮೂಲೆಯಲ್ಲಿ ಗೇಲಿಕ್–ಇಂಗ್ಲಿಷ್ 0.439, ಗೇಲಿಕ್–ಇತಿಹಾಸ 0.410. ಅಲ್ಲಿಗೆ ಭಾಷೆ–ಚರಿತ್ರೆ ಒಂದು ಬಣ, ಗಣಿತ ಇನ್ನೊಂದು ಬಣ ಎಂದು ಬರೆದು ಪೆನ್ನು ಮುಚ್ಚಬಹುದಿತ್ತು.

ಮುಚ್ಚಲು ಬಿಡದಿರುವುದು ಇಂಗ್ಲಿಷ್. ಇತಿಹಾಸದ ಜೊತೆ ಅದರ ಸಂಖ್ಯೆ 0.351, ಅಂಕಗಣಿತದ ಜೊತೆ 0.354! ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅರ್ಥವಿಲ್ಲ, ಎರಡೂ ಸಮ ಎಂದೇ ಓದಬೇಕು. ಆ ಸಮತೆಯೇ ಸ್ವಾರಸ್ಯ: ಇಂಗ್ಲಿಷ್ ಎರಡು ಬಣಗಳಲ್ಲೂ ಒಂದೊಂದು ಕಾಲಿಟ್ಟು ನಿಂತಿದೆ. ಇತಿಹಾಸ ಹಾಗಲ್ಲ. ಮೂರೂ ಗಣಿತಗಳ ಜೊತೆ ಅದರ ನಂಟು 0.19 ದಾಟುವುದಿಲ್ಲ.

ಅಷ್ಟು ಸಣ್ಣ ಸಂಖ್ಯೆಯನ್ನು ನಂಬಬಹುದೇ? ಅದು ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. 220 ಮಂದಿಯಿದ್ದಾಗ ಸುಮಾರು 0.13 ದಾಟಿದರೆ ಬರೀ ಆಕಸ್ಮಿಕವಲ್ಲ ಎನ್ನಬಹುದು. 30 ಮಕ್ಕಳ ಒಂದೇ ತರಗತಿಯಾದರೆ ಆ ಗೆರೆ 0.36ಕ್ಕೆ ಏರುತ್ತದೆ. ತಮ್ಮ ತರಗತಿಯ ಅಂಕಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ ಕೋಷ್ಟಕ ತೆಗೆಯುವ ಮೇಷ್ಟ್ರುಗಳು ಎಡವುವುದು ಇಲ್ಲೇ. ‘ಒಟ್ಟು’ ಅಂಕದ ಕಾಲಮ್ಮನ್ನೂ ಸೇರಿಸಿಬಿಡುವುದು ಇನ್ನೊಂದು ಎಡವಟ್ಟು: ಒಟ್ಟಿನೊಳಗೆ ಪ್ರತಿ ವಿಷಯವೂ ಇರುವುದರಿಂದ ಅದು ಎಲ್ಲದರ ಜೊತೆಗೂ ಗಾಢವಾಗಿ ನಂಟಿರುವಂತೆ ತೋರುತ್ತದೆ.

ಕೋಷ್ಟಕಕ್ಕೆ ಅಂಕಗಳ ಎತ್ತರವೂ ಕಾಣದು. ಗಣಿತದಲ್ಲಿ ಎಲ್ಲರಿಗೂ 10 ಅಂಕ ಕೊಡುಗೆಯಾಗಿ ಸಿಕ್ಕರೂ ಈ 15 ಸಂಖ್ಯೆಗಳು ಅಲ್ಲಾಡುವುದಿಲ್ಲ.

ಕಾರಣವನ್ನಂತೂ ಅದು ಹೇಳುವುದೇ ಇಲ್ಲ. ಲೆಕ್ಕದ ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಳ್ಳಲು ಭಾಷೆ ಬೇಕಾದ್ದರಿಂದ ಇಂಗ್ಲಿಷ್ ಗಣಿತದತ್ತ ವಾಲಿತೇ? ಅನುಮಾನವನ್ನು ಪರೀಕ್ಷಿಸುವ ದಾರಿಯಿದೆ. ಅದೇ ಮಕ್ಕಳಿಗೆ ವಾಕ್ಯರೂಪದ ಲೆಕ್ಕಗಳ ಒಂದು ಪತ್ರಿಕೆ, ಬರೀ ಅಂಕಿಗಳ ಇನ್ನೊಂದು ಪತ್ರಿಕೆ ಕೊಟ್ಟು, ಎರಡನ್ನೂ ಬೇರೆ ಬೇರೆ ಕಾಲಮ್ಮುಗಳಾಗಿ ಕೋಷ್ಟಕಕ್ಕೆ ಸೇರಿಸಬೇಕು. ಆಮೇಲೆ ಇಂಗ್ಲಿಷ್‌ನ ಸಾಲಿನಲ್ಲಿ ಆ ಎರಡು ಮನೆಗಳನ್ನು ಮಾತ್ರ ನೋಡಿದರೆ ಸಾಕು.