ಒಂದು ಪಫ್ಸ್‌ನ ಅಸಲು ಎಷ್ಟು?

ಒಂದು ವೆಜಿಟೆಬಲ್ ಪಫ್ಸ್‌ಗೆ ಅಸಲು ಎಷ್ಟು ಬೀಳುತ್ತದೆ ಎಂದು ಬೇಕರಿಯವರನ್ನು ಕೇಳಿ ನೋಡಿ. ಮೈದಾ ಇಷ್ಟು, ಮಾರ್ಗರಿನ್ ಇಷ್ಟು, ಪಲ್ಯಕ್ಕೆ ಇಷ್ಟು ಎಂದು ಕೂಡಿಸಿ, ಪಫ್ಸ್‌ಗಳ ಸಂಖ್ಯೆಯಿಂದ ಭಾಗಿಸಿ, ಆರು ರೂಪಾಯಿ ಎನ್ನುತ್ತಾರೆ. ಹದಿನೈದಕ್ಕೆ ಮಾರಿದರೆ ಒಂಬತ್ತು ಉಳಿಯಬೇಕು. ತಿಂಗಳ ಕೊನೆಗೆ ಗಲ್ಲಾದಲ್ಲಿ ಆ ಒಂಬತ್ತು ಕಾಣುವುದಿಲ್ಲ. ಕೂಲಿ, ಬಾಡಿಗೆಗೆ ಒಂದಷ್ಟು ಹೋಯಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಾಗದೆ ಹೋಗುವುದು ಸಿಪ್ಪೆಯಲ್ಲಿ, ಹಿಟ್ಟಿನ ಅಂಚಿನಲ್ಲಿ, ಸಂಜೆ ಉಳಿದ ಟ್ರೇಯಲ್ಲಿ.

ಈ ಲೆಕ್ಕವನ್ನು ಒಂದು ದಿನದ ಪಫ್ಸ್ ಇಟ್ಟುಕೊಂಡೇ ಮಾಡೋಣ. ದರಗಳು ಊರಿಂದ ಊರಿಗೆ ಬೇರೆಯಾಗುತ್ತವೆ. ಇಲ್ಲಿರುವುದು ಲೆಕ್ಕದ ದಾರಿ ತೋರಿಸಲು ಹಿಡಿದ ದರಗಳು.

ಮೊದಲು ಪಲ್ಯ. 160 ಪಫ್ಸ್‌ಗೆ ತಲಾ 40 ಗ್ರಾಂನಂತೆ 6.4 ಕೆಜಿ ಪಲ್ಯ ಬೇಕು. ಇದಕ್ಕೆ 6 ಕೆಜಿ ಈರುಳ್ಳಿ ತಂದಿದ್ದೇವೆ, ಕೆಜಿಗೆ 30 ರೂಪಾಯಿ. ಸಿಪ್ಪೆ, ಬೇರು, ಕೊಳೆತ ಒಂದೆರಡು ಗಡ್ಡೆ ತೆಗೆದರೆ 5.4 ಕೆಜಿ ಉಳಿಯುತ್ತದೆ. ಬಾಣಲೆಯಲ್ಲಿ ಬಾಡಿಸುವಾಗ ನೀರೆಲ್ಲ ಆರಿ 3.4 ಕೆಜಿಗೆ ಇಳಿಯುತ್ತದೆ. ಕೊಟ್ಟ ದುಡ್ಡು ಮಾತ್ರ 180 ರೂಪಾಯಿಯೇ. ಅಂದರೆ ಮಂಡಿಯಲ್ಲಿ 30 ರೂಪಾಯಿಯ ಈರುಳ್ಳಿ ಪಫ್ಸ್‌ನೊಳಗೆ ಹೋಗುವ ಹೊತ್ತಿಗೆ ಕೆಜಿಗೆ 53 ರೂಪಾಯಿ ಆಗಿರುತ್ತದೆ. ಅಸಲು ಹಾಕುವಾಗ ಹಿಡಿಯಬೇಕಾದ ದರ ಇದು, ಚೀಟಿಯಲ್ಲಿ ಬರೆದದ್ದಲ್ಲ. ಆಲೂಗಡ್ಡೆಯಲ್ಲಿ ನಷ್ಟ ಕಡಿಮೆ. ಬೇಯಿಸಿ ಸುಲಿದರೆ 3 ಕೆಜಿಗೆ 2.6 ಕೆಜಿ ಸಿಗುತ್ತದೆ. ಅದಕ್ಕೆ 90 ರೂಪಾಯಿ, ಎಣ್ಣೆ, ಮೆಣಸಿನಕಾಯಿ, ಕೊತ್ತಂಬರಿ, ಮಸಾಲೆಗೆ 110. ಪಲ್ಯದ ಒಟ್ಟು ಖರ್ಚು 380 ರೂಪಾಯಿ.

ಇನ್ನು ಹಿಟ್ಟು. 5 ಕೆಜಿ ಮೈದಾಕ್ಕೆ 2.5 ಕೆಜಿ ಮಾರ್ಗರಿನ್, ಉಪ್ಪು, ಸಕ್ಕರೆ, ನೀರು ಸೇರಿ ಸುಮಾರು 10.5 ಕೆಜಿ ಹಿಟ್ಟಾಗುತ್ತದೆ. ಖರ್ಚು 585 ರೂಪಾಯಿ. ತಲಾ 60 ಗ್ರಾಂ ಎಂದರೆ ಕಾಗದದ ಮೇಲೆ 175 ಪಫ್ಸ್ ಆಗಬೇಕು. ಆದರೆ ಮಾರ್ಗರಿನ್ ಇಟ್ಟು ಮಡಿಚಿ ಲಟ್ಟಿಸಿದ ಹಾಳೆಯ ಅಂಚು ಎಂದೂ ನೇರವಾಗಿರುವುದಿಲ್ಲ. ಅಂಚನ್ನು ಕತ್ತರಿಸಿ ತೆಗೆಯಲೇಬೇಕು, ಇಲ್ಲದಿದ್ದರೆ ಆ ಕಡೆ ಪದರ ಬಿಡುವುದಿಲ್ಲ. ಹಾಗೆ 900 ಗ್ರಾಂ ಹೋಗಿ 160 ಚೌಕಗಳು ಸಿಗುತ್ತವೆ.

ಈ ಅಂಚು ಪೂರ್ತಿ ದಂಡವಲ್ಲ. ಮಾರನೆಯ ದಿನದ ಹಿಟ್ಟಿಗೆ ಸ್ವಲ್ಪ ಸೇರಿಸಬಹುದು. ಆದರೆ ಕತ್ತರಿಸಿದ ತುಂಡುಗಳಲ್ಲಿ ಜಿಡ್ಡು ಮತ್ತು ಹಿಟ್ಟು ಕಲಸಿಹೋಗಿರುತ್ತವೆ. ಜಾಸ್ತಿ ಸೇರಿಸಿದರೆ ಪಫ್ಸ್ ಉಬ್ಬದೆ ಬಿಸ್ಕತ್ತಿನಂತೆ ಗಟ್ಟಿಯಾಗುತ್ತದೆ. ಮತ್ತೆ ಬಳಸಿದರೆ ಬಳಸಿದಷ್ಟಕ್ಕೆ ಮಾತ್ರ ಲೆಕ್ಕದಲ್ಲಿ ವಜಾ ಮಾಡಿ. ಬಳಸಬಹುದು ಎಂಬ ಅಂದಾಜಿಗೆ ವಜಾ ಮಾಡಬೇಡಿ. ಇಲ್ಲಿ ವಜಾ ಮಾಡಿಲ್ಲ.

ಹಿಟ್ಟು, ಪಲ್ಯ ಸೇರಿ 965 ರೂಪಾಯಿ. ಅದನ್ನು 160ರಿಂದ ಭಾಗಿಸಿದಾಗಲೇ ಆ ಆರು ರೂಪಾಯಿ ಬರುವುದು. ಇದರ ಮೇಲೆ ಓವನ್ನಿನ ಇಂಧನಕ್ಕೆ 160, ಮಾಸ್ಟರ್ ಮತ್ತು ಸಹಾಯಕರ ಕೂಲಿಯಲ್ಲಿ ಪಫ್ಸ್‌ನ ಪಾಲು 560, ಬಾಡಿಗೆ, ಕರೆಂಟು ಮುಂತಾದವುಗಳ ಪಾಲು 280. ಒಟ್ಟು 1,965 ರೂಪಾಯಿ.

ಈಗ ಎಷ್ಟರಿಂದ ಭಾಗಿಸಬೇಕು ಎಂಬುದೇ ಮುಖ್ಯ ಪ್ರಶ್ನೆ. ಓವನ್ನಿಗೆ 160 ಹೋದವು. ಬಾಯಿ ಬಿಟ್ಟು ಪಲ್ಯ ಸುರಿದವು, ತಳ ಸೀದವು, ಟ್ರೇಯಿಂದ ತೆಗೆಯುವಾಗ ಮುರಿದವು ಸೇರಿ 8 ಹೋದವು. ಗಾಜಿನ ಪೆಟ್ಟಿಗೆಗೆ ಬಂದದ್ದು 152. ರಾತ್ರಿ ಬಾಗಿಲು ಹಾಕುವಾಗ 12 ಉಳಿದವು. ಪಫ್ಸ್‌ನ ಪಲ್ಯದಲ್ಲಿ ನೀರಿನಂಶ ಇರುವುದರಿಂದ ಅದು ರಾತ್ರಿಯಿಡೀ ಹೊರಗಿದ್ದರೆ ಕೆಡುತ್ತದೆ, ಬೇಸಿಗೆಯಲ್ಲಂತೂ ಬೇಗ ಹಳಸುತ್ತದೆ. ಬೆಳಿಗ್ಗೆ ಬಿಸಿ ಮಾಡಿ ಮಾರುವುದು ಸಲ್ಲದು. ಉಳಿದ ಬ್ರೆಡ್ಡಿಗೆ ರಸ್ಕ್ ಆಗುವ ದಾರಿಯಿದೆ, ಪಫ್ಸ್‌ಗೆ ಅಂಥ ಎರಡನೇ ಜನ್ಮ ಇಲ್ಲ. ಹಾಗಾಗಿ ದುಡ್ಡು ತಂದದ್ದು 140 ಮಾತ್ರ.

ಭಾಗಿಸಬೇಕಾದದ್ದು ಆ 140ರಿಂದಲೇ. ಕಸಕ್ಕೆ ಹೋದ ಪಫ್ಸ್ ಕೂಡ ಮೈದಾ ತಿಂದಿದೆ, ಕೂಲಿ ತಿಂದಿದೆ, ಓವನ್ನಿನಲ್ಲಿ ಜಾಗ ಹಿಡಿದಿದೆ. ಅದರ ಖರ್ಚನ್ನು ಮಾರಿಹೋದ ಪಫ್ಸ್‌ಗಳೇ ಹೊರಬೇಕು. 1,965ನ್ನು 140ರಿಂದ ಭಾಗಿಸಿದರೆ 14 ರೂಪಾಯಿ 4 ಪೈಸೆ. ಕಟ್ಟಿಕೊಡುವ ಕಾಗದಕ್ಕೆ 40 ಪೈಸೆ ಸೇರಿಸಿದರೆ 14 ರೂಪಾಯಿ 44 ಪೈಸೆ. ಹದಿನೈದಕ್ಕೆ ಮಾರಿದರೆ ದಿನದ ಲಾಭ 79 ರೂಪಾಯಿ.

ಇಲ್ಲಿ ಅನೇಕರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಶೇಕಡಾ 20 ಹಾಳಾಗುತ್ತದೆ ಎಂದಾದರೆ ಅಸಲಿಗೆ ಶೇಕಡಾ 20 ಸೇರಿಸಿಬಿಡುತ್ತಾರೆ. ಅದು ಸಾಲದು. ನೂರು ಮಾಡಿ ಎಂಬತ್ತು ಮಾರಿದರೆ, ನೂರರ ಖರ್ಚು ಎಂಬತ್ತರ ಮೇಲೆ ಬೀಳುತ್ತದೆ. ಪ್ರತಿಯೊಂದರ ಅಸಲು ಏರುವುದು ಶೇಕಡಾ 25. ನಷ್ಟ ದೊಡ್ಡದಾದಷ್ಟೂ ಈ ಅಂತರ ಅಗಲವಾಗುತ್ತದೆ.

ಹಾಗೆಂದು ರಾತ್ರಿ ಒಂದೂ ಉಳಿಯಬಾರದು ಎಂದು ಹಟ ಹಿಡಿಯುವುದೂ ಸರಿಯಲ್ಲ. ಸಂಜೆ ಆರಕ್ಕೇ ಪೆಟ್ಟಿಗೆ ಖಾಲಿಯಾದರೆ, ಆಮೇಲೆ ಬಂದವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಕೂಲಿ, ಬಾಡಿಗೆ ಹೇಗೂ ಕೊಟ್ಟಾಗಿದೆ. ಆದ್ದರಿಂದ ಇನ್ನೊಂದು ಟ್ರೇ ಹಾಕಬೇಕೇ ಬೇಡವೇ ಎನ್ನುವಾಗ ನೋಡಬೇಕಾದದ್ದು ಸಾಮಗ್ರಿ ಮತ್ತು ಇಂಧನವನ್ನು ಮಾತ್ರ, ಒಂದಕ್ಕೆ ಸುಮಾರು 7 ರೂಪಾಯಿ. ಮಾರಿದರೆ ಏಳೂವರೆ ಸಿಗುತ್ತದೆ, ಉಳಿದರೆ ಏಳು ಹೋಗುತ್ತದೆ. ಆ ಟ್ರೇಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗುತ್ತದೆ ಎಂಬ ನಂಬಿಕೆ ಇದ್ದರೆ ಹಾಕಬಹುದು. ಮಳೆ ಹಿಡಿದ ಸಂಜೆ ಈ ತೀರ್ಮಾನವೇ ಬೇರೆಯಾಗುತ್ತದೆ.

ಕಣ್ಣಿಗೇ ಬೀಳದ ಇನ್ನೊಂದು ಸೋರಿಕೆಯಿದೆ, ಅದು ಕೈಯ ಧಾರಾಳ. ಹಾಳೆಯನ್ನು ಚೂರು ದಪ್ಪ ಲಟ್ಟಿಸಿ ಚೌಕವೊಂದು 60ರ ಬದಲು 66 ಗ್ರಾಂ ತೂಗಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ 160 ಬರಬೇಕಾದಲ್ಲಿ 145 ಮಾತ್ರ ಬರುತ್ತವೆ. ಸೀದದ್ದಿಲ್ಲ, ಉಳಿದದ್ದಿಲ್ಲ, ಆದರೂ ಹದಿನೈದು ಪಫ್ಸ್ ಮಾಯ. ಇದನ್ನು ಹಿಡಿಯಲು ಒಂದೇ ಚೌಕ ತೂಗಿದರೆ ಪ್ರಯೋಜನವಿಲ್ಲ, ಹತ್ತನ್ನು ಒಟ್ಟಿಗೆ ತೂಗಬೇಕು. ತಕ್ಕಡಿ 600 ಗ್ರಾಂ ಆಸುಪಾಸು ತೋರಿಸಬೇಕು.

ಈ ಲೆಕ್ಕಕ್ಕೆ ಓವನ್ ಪಕ್ಕ ಒಂದು ನೋಟ್‌ಬುಕ್ ಸಾಕು. ಕತ್ತರಿಸಿದ್ದು ಎಷ್ಟು, ಪೆಟ್ಟಿಗೆಗೆ ಬಂದದ್ದು ಎಷ್ಟು, ರಾತ್ರಿ ಉಳಿದದ್ದು ಎಷ್ಟು ಎಂದು ದಿನವೂ ಬರೆಯಬೇಕು. ಹುಡುಗರು ಚಹಾದ ಜೊತೆ ತಿಂದದ್ದನ್ನೂ ಬರೆಯಿರಿ. ಅವರು ತಿನ್ನಲಿ, ಆದರೆ ಅದು ಮಾರಾಟದ ಲೆಕ್ಕಕ್ಕೆ ಬರಬಾರದು. ವಾರದ ಏಳೂ ದಿನ ಬರೆದು ಸರಾಸರಿ ಹಿಡಿಯಿರಿ, ಏಕೆಂದರೆ ಶನಿವಾರದ ಉಳಿಕೆಗೂ ಸೋಮವಾರದ ಉಳಿಕೆಗೂ ತಾಳೆಯಾಗುವುದಿಲ್ಲ.

ದರ ಬದಲಾದ ದಿನ ಈ ಪುಸ್ತಕ ಕೈ ಹಿಡಿಯುತ್ತದೆ. ಈರುಳ್ಳಿ 30ರಿಂದ 60ಕ್ಕೆ ಏರಿತು ಎನ್ನಿ. ದಿನದ ಖರ್ಚಿಗೆ 180 ರೂಪಾಯಿ ಸೇರುತ್ತದೆ, ಮಾರುವ ಪ್ರತಿ ಪಫ್ಸ್‌ಗೆ 1 ರೂಪಾಯಿ 29 ಪೈಸೆ. ಬೆಲೆ ಹದಿನೈದರಲ್ಲೇ ನಿಂತರೆ 79 ರೂಪಾಯಿ ಲಾಭದ ಜಾಗದಲ್ಲಿ ದಿನಕ್ಕೆ 101 ರೂಪಾಯಿ ನಷ್ಟ ಕೂರುತ್ತದೆ, ಅದೂ 140 ಪಫ್ಸ್ ಎಂದಿನಂತೆ ಮಾರಿಹೋದ ದಿನವೇ.