ತಳಕ್ಕಿಳಿದ ಆಮ್ಲ

ಹುಳಿಮಾವಿನಲ್ಲಿ ನನ್ನ ಅಭ್ಯಾಸ ಪಾಠದ ನಡುವೆ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಯುಪಿಎಸ್ ಬ್ಯಾಟರಿಗೆ ನೀರು ಹಾಕಿದ್ದರೂ ಯಾಕೆ ಬೇಗ ಖಾಲಿಯಾಗುತ್ತೆ?"

ಲೋಟದ ನೀರಿನ ತಳಕ್ಕೆ ಬಣ್ಣದ ಸಕ್ಕರೆ ಪಾಕ ಬಿಟ್ಟೆ, ಅಲ್ಲೇ ನಿಂತಿತು. ಚಾರ್ಜ್ ಆಗುವಾಗ ಫಲಕಗಳಿಂದ ಹೊರಬರುವ ಗಾಢ ಗಂಧಕಾಮ್ಲವೂ ಹೀಗೆಯೇ ಕೆಳಗಿಳಿಯುತ್ತದೆ. ಮೇಲೆ ಆಮ್ಲ ಸಾಲದೆ ಫಲಕದ ಆ ಭಾಗ ಪೂರ್ತಿ ಕೆಲಸ ಮಾಡದು, ಸಾಮರ್ಥ್ಯ ಇಳಿಯುತ್ತದೆ. ಕೆಳಭಾಗ ಹೆಚ್ಚು ದುಡಿದು, ಮತ್ತೆ ಪೂರ್ತಿ ಚಾರ್ಜಾಗದೆ, ಗಟ್ಟಿ ಸೀಸದ ಸಲ್ಫೇಟ್ ಕಟ್ಟಿಕೊಂಡು ಬೇಗ ಸವೆಯುತ್ತದೆ.

ಸ್ಟ್ರಾದಿಂದ ಊದಿದೆ, ಗುಳ್ಳೆಗಳು ಪಾಕವನ್ನು ಕಲಕಿದವು. 12 ವೋಲ್ಟ್ ಬ್ಯಾಟರಿಯಲ್ಲಿ ಚಾರ್ಜಿನ ಕೊನೆಗೆ, ಸುಮಾರು 14.4 ವೋಲ್ಟ್ ದಾಟಿದಾಗ ಜೋರಾಗಿ ಏಳುವ ಅನಿಲದ ಗುಳ್ಳೆಗಳ ಕೆಲಸವೂ ಇದೇ. ಅರ್ಧ ಚಾರ್ಜಿನಲ್ಲೇ ಪದೇ ಪದೇ ಕರೆಂಟ್ ಹೋದರೆ ಆ ಹಂತವೇ ಬರುವುದಿಲ್ಲ.

ಹೈಡ್ರೋಮೀಟರ್ ಮೇಲಿನ ಆಮ್ಲವನ್ನಷ್ಟೇ ಹೀರುವುದರಿಂದ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಆಮ್ಲ ಸುರಿಯಬಾರದು. ಮೊದಲು ಪೂರ್ತಿ ಚಾರ್ಜ್ ಮಾಡಿ, ಮತ್ತೆ ಅಳೆಯಬೇಕು.