ಒಂದೇ ಬ್ರೌಸರ್, ಎರಡು ಪಾಸ್‌ವರ್ಡ್ ಮ್ಯಾನೇಜರ್

ಕ್ರೋಮ್‌ನಲ್ಲಿ ಪಾಸ್‌ವರ್ಡ್ ಉಳಿಸುವ ವ್ಯವಸ್ಥೆ ಮೊದಲೇ ಇದೆ. ಅದರ ಮೇಲೆ ಬಿಟ್‌ವಾರ್ಡನ್‌ನಂಥ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಲಾಗಿನ್ ಆದ ಕೂಡಲೇ ‘ಉಳಿಸಬೇಕೆ?’ ಎಂದು ಎರಡೂ ಕೇಳಬಹುದು; ಒಂದೇ ಖಾನೆಯ ಕೆಳಗೆ ಎರಡು ಪಟ್ಟಿಗಳು ತೆರೆದು ಒಂದನ್ನೊಂದು ಮುಚ್ಚಬಹುದು.

ನಿಜವಾದ ತೊಂದರೆ ಪಾಸ್‌ವರ್ಡ್ ಬದಲಿಸಿದಾಗ ಬರುತ್ತದೆ. ಹೊಸದನ್ನು ಬಿಟ್‌ವಾರ್ಡನ್‌ನಲ್ಲಿ ಮಾತ್ರ ಉಳಿಸಿದರೆ ಕ್ರೋಮ್ ಹಳೆಯದನ್ನೇ ತುಂಬುತ್ತಿರುತ್ತದೆ. ಖಾನೆಯಲ್ಲಿ ಕಾಣುವುದು ಬರೀ ಚುಕ್ಕೆಗಳಾದ್ದರಿಂದ ತಪ್ಪು ತಿಳಿಯುವುದಿಲ್ಲ. ಮತ್ತೆಮತ್ತೆ ಒತ್ತಿದರೆ ಕೆಲವು ಬ್ಯಾಂಕ್ ತಾಣಗಳು ಖಾತೆಯನ್ನೇ ಲಾಕ್ ಮಾಡುತ್ತವೆ. ಕಣ್ಣಿನ ಗುರುತು ಒತ್ತಿ ನೋಡಿದರೆ ಯಾವುದು ತುಂಬಿದೆಯೆಂದು ಗೊತ್ತಾಗುತ್ತದೆ.

ಬಿಟ್‌ವಾರ್ಡನ್ ಉಳಿಸಿಕೊಳ್ಳುವುದಾದರೆ chrome://password-manager/settings ಪುಟದಲ್ಲಿ ಉಳಿಸುವ ಸೌಲಭ್ಯವನ್ನು ಆಫ್ ಮಾಡಬೇಕು. ಅಷ್ಟೇ ಸಾಲದು, ಮೊದಲೇ ಉಳಿಸಿದವುಗಳನ್ನು ಕ್ರೋಮ್ ಆಮೇಲೂ ತುಂಬುತ್ತದೆ. ಅವನ್ನು ಬಿಟ್‌ವಾರ್ಡನ್‌ಗೆ ಸಾಗಿಸಿ, ಸರಿಯಾಗಿ ಬಂದಿವೆಯೇ ಎಂದು ನೋಡಿಕೊಂಡೇ ಕ್ರೋಮ್‌ನಿಂದ ಅಳಿಸಬೇಕು. ಸಾಗಿಸಲು ಬಳಸಿದ ಫೈಲ್‌ನಲ್ಲಿ ಪಾಸ್‌ವರ್ಡ್‌ಗಳು ಬಿಚ್ಚುಬಿಚ್ಚಾಗಿ ಇರುತ್ತವೆ, ಅದನ್ನೂ ಅಳಿಸಲೇಬೇಕು.